ಸ್ನಾನಗೃಹದ ಡ್ಯಾಡೋ ಟೈಲ್ಸ್: ಬಾಗಿಲು, ಕಿಟಕಿ ಕಳೆದು ಬಾರ್ಡರ್ ಕೂಡಿಸುವ ಲೆಕ್ಕ

ತಿಪಟೂರು ತಾಲ್ಲೂಕಿನ ಹಾಲ್ಕುರಿಕೆಯಂತಹ ತೆಂಗಿನ ಸೀಮೆಯ ಊರುಗಳಲ್ಲಿ ಮನೆ ಕಟ್ಟುವ ಗ್ರಾಹಕರು ಸಾಮಾನ್ಯವಾಗಿ ಕೊಬ್ಬರಿ ಮಾರಿದ ಹಣ ಕೈಗೆ ಬಂದ ಮೇಲೆ ಟೈಲ್ಸ್ ಅಂಗಡಿಗೆ ಬರುತ್ತಾರೆ. ಅವರ ಕೈಯಲ್ಲಿ ಮೇಸ್ತ್ರಿ ಬರೆದುಕೊಟ್ಟ ಒಂದು ಚೀಟಿ ಇರುತ್ತದೆ. ಅದರಲ್ಲಿ ‘ಬಾತ್‌ರೂಂ ಗೋಡೆ ಇಷ್ಟು ಚದರಡಿ, ಬಾರ್ಡರ್ ಇಷ್ಟು’ ಎಂಬ ಎರಡು ಸಾಲುಗಳಿಗಿಂತ ಹೆಚ್ಚಿನ ವಿವರ ಇರುವುದು ಅಪರೂಪ. ವರ್ತಕರು ಆ ಚದರಡಿಯನ್ನು ಬಾಕ್ಸ್‌ಗಳಿಗೆ ಪರಿವರ್ತಿಸಿ ಬಿಲ್ ಮಾಡುತ್ತಾರೆ. ಹದಿನೈದು ದಿನ ಕಳೆದ ನಂತರ ಅದೇ ಗ್ರಾಹಕರು ಮರಳಿ ಬಂದು ‘ತಿಳಿ ಬಣ್ಣದ್ದು ಐದು ಕಡಿಮೆ ಬಿದ್ದಿದೆ, ಗಾಢ ಬಣ್ಣದ್ದು ಒಂದು ಬಾಕ್ಸ್ ಉಳಿದಿದೆ’ ಎನ್ನುತ್ತಾರೆ.

ಈ ದೂರು ಸಣ್ಣದೆಂದು ತೋರಿದರೂ ಅದರ ವೆಚ್ಚ ಸಣ್ಣದಲ್ಲ. ಗೋಡೆಯ ಟೈಲ್ಸ್‌ನ ಬಹುಪಾಲು ಗುಜರಾತಿನ ಮೋರ್ಬಿಯಿಂದ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಲಾರಿಯಲ್ಲಿ ಬರುವ ಸರಕು. ಪ್ರತಿ ಬಾಕ್ಸಿನ ಮೇಲೆ ಶೇಡ್ ಮತ್ತು ಬ್ಯಾಚ್ ಸಂಖ್ಯೆ ಅಚ್ಚಾಗಿರುತ್ತದೆ. ಕಡಿಮೆ ಬಿದ್ದ ಐದು ತುಂಡುಗಳನ್ನು ಮುಂದಿನ ಲೋಡಿನಿಂದ ಕೊಟ್ಟರೆ ಬಣ್ಣದಲ್ಲಿ ಒಂದು ಎಳೆ, ಅಳತೆಯಲ್ಲಿ ಒಂದು ಮಿಲಿಮೀಟರ್ ವ್ಯತ್ಯಾಸವಾಗುವ ಸಂಭವವಿದೆ. ಒಂದೇ ಗೋಡೆಯ ಮೇಲೆ ಪಕ್ಕಪಕ್ಕದಲ್ಲಿ ಕೂತಾಗ ಅದು ಎದ್ದು ಕಾಣುತ್ತದೆ. ಆದುದರಿಂದ ಮೊದಲ ದಿನದ ಲೆಕ್ಕವೇ ಸರಿಯಾಗಿರಬೇಕು. ಚದರಡಿಯ ಲೆಕ್ಕವು ಕೂಲಿಗೂ ಅಂದಾಜಿಗೂ ಸಾಕು. ಆದರೆ ಸರಕು ಕೊಳ್ಳುವುದು ವರಸೆಯ ಲೆಕ್ಕದಲ್ಲಿ, ಎಂದರೆ ಗೋಡೆಯ ಸುತ್ತ ಒಂದರ ಮೇಲೊಂದು ಕೂರುವ ಸಾಲುಗಳನ್ನು ಎಣಿಸಿ ಆಗಬೇಕು. ಒಂದು ಉದಾಹರಣೆಯನ್ನು ಪೂರ್ತಿಯಾಗಿ ಮಾಡಿ ನೋಡಿದರೆ ಇದರ ಕಾರಣ ತಿಳಿಯುತ್ತದೆ.

ಅಳತೆ ಎಲ್ಲಿಂದ ಎಲ್ಲಿಗೆ

ಹಾಲ್ಕುರಿಕೆಯಲ್ಲಿ ಕಟ್ಟುತ್ತಿರುವ ಒಂದು ಮನೆಯ ಸ್ನಾನಗೃಹವು ಗಾರೆಯಾದ ಮೇಲೆ ಒಳಗೆ 8 ಅಡಿ ಉದ್ದ, 5 ಅಡಿ ಅಗಲ ಇದೆ ಎಂದಿಟ್ಟುಕೊಳ್ಳಬಹುದು. ಡ್ಯಾಡೋ 7 ಅಡಿ ಎತ್ತರ. ಅದರ ಮೇಲಂಚು ಬಾಗಿಲ ಚೌಕಟ್ಟಿನ ಮೇಲಂಚಿಗೆ ಸಮನಾಗಿ ನಿಲ್ಲಬೇಕು. ಬಾಗಿಲು ಚೌಕಟ್ಟು ಸೇರಿ ಎರಡೂವರೆ ಅಡಿ ಅಗಲವಿದ್ದು ಒಂದು ಗಿಡ್ಡ ಗೋಡೆಯಲ್ಲಿದೆ. ಅದರ ಒಂದು ಪಕ್ಕ ಅರ್ಧ ಅಡಿ, ಇನ್ನೊಂದು ಪಕ್ಕ ಎರಡಡಿ ಗೋಡೆ ಉಳಿದಿದೆ. ಉದ್ದ ಗೋಡೆಯ ನಟ್ಟನಡುವೆ 2 ಅಡಿ ಅಗಲ, 2 ಅಡಿ ಎತ್ತರದ ವೆಂಟಿಲೇಟರ್ ಇದೆ. ಅದರ ಕೆಳ ಅಂಚು ನೆಲದಿಂದ ಐದೂವರೆ ಅಡಿ ಮೇಲಿದೆ.

ಎತ್ತರವನ್ನು ಯಾವ ನೆಲದಿಂದ ಅಳೆಯಬೇಕೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಸ್ನಾನಗೃಹದ ನೆಲ ನೀರು ಹೋಗುವ ಮೂಲೆಗೆ ಇಳಿಜಾರಾಗಿರುತ್ತದೆ. ಎಂಟಡಿ ಉದ್ದದ ಕೋಣೆಯಲ್ಲಿ ಈ ಇಳಿಜಾರು ಸುಲಭವಾಗಿ ಒಂದಂಗುಲವಾಗುತ್ತದೆ. ಬಾಗಿಲ ಬಳಿ ಟೇಪು ಹಿಡಿದು 7 ಅಡಿ ಎಂದು ಬರೆದುಕೊಂಡರೆ ನೀರಿನ ಮೂಲೆಯಲ್ಲಿ ಒಂದಂಗುಲದ ಸಂದು ಉಳಿಯುತ್ತದೆ. ಅದನ್ನು ಸಿಮೆಂಟಿನಿಂದ ಮುಚ್ಚಿದರೆ ಸೋಪಿನ ನೀರು ಅಲ್ಲಿಯೇ ನಿಂತು ಕಪ್ಪಾಗುತ್ತದೆ. ಆದುದರಿಂದ ಸಿದ್ಧವಾಗಲಿರುವ ನೆಲದ ಅತಿ ತಗ್ಗಾದ ಮೂಲೆಯಿಂದ ಎತ್ತರವನ್ನು ಹಿಡಿಯಬೇಕು. ಕೆಳ ವರಸೆಯನ್ನು ಆ ಮಟ್ಟದಿಂದ ನೇರವಾಗಿ ಕೂರಿಸಿದಲ್ಲಿ, ಎತ್ತರದ ಕಡೆ ನೆಲದ ಟೈಲ್ಸ್ ಬಂದು ಅದರ ಬುಡವನ್ನು ತಾನೇ ಮುಚ್ಚುತ್ತದೆ. ನಮ್ಮ ಉದಾಹರಣೆಯ 7 ಅಡಿಯನ್ನು ಹೀಗೆ ತಗ್ಗಿನ ಮೂಲೆಯಿಂದ ಅಳೆಯಲಾಗಿದೆ.

ಚದರಡಿಯ ಲೆಕ್ಕ

ನಾಲ್ಕು ಗೋಡೆಗಳ ಸುತ್ತಳತೆ 26 ಅಡಿ. 7 ಅಡಿ ಎತ್ತರಕ್ಕೆ 182 ಚದರಡಿ. ಇದರಲ್ಲಿ ಬಾಗಿಲಿಗೆ ಎರಡೂವರೆ ಅಡಿ ಅಗಲ, 7 ಅಡಿ ಎತ್ತರ, ಅಂದರೆ 17.5 ಚದರಡಿ ಕಳೆಯಬೇಕು. ಇಲ್ಲಿ ಬಾಗಿಲಿನ ಅಳತೆ ಎಂದರೆ ಹಲಗೆಯ ಅಳತೆಯಲ್ಲ, ಚೌಕಟ್ಟಿನ ಹೊರ ಅಂಚಿನಿಂದ ಹೊರ ಅಂಚಿನ ಅಳತೆ. ಏಕೆಂದರೆ ಟೈಲ್ಸ್ ಚೌಕಟ್ಟಿಗೆ ಬಂದು ನಿಲ್ಲುತ್ತದೆ, ಅದರ ಮೇಲೆ ಹೋಗುವುದಿಲ್ಲ.

ವೆಂಟಿಲೇಟರ್ ವಿಷಯದಲ್ಲಿ ಚೀಟಿಗಳು ತಪ್ಪುವುದು ಹೆಚ್ಚು. ಎರಡಡಿಗೆ ಎರಡಡಿ, ನಾಲ್ಕು ಚದರಡಿ ಎಂದು ಕಳೆಯುವುದು ರೂಢಿ. ಆದರೆ ಅದರ ಮೇಲಿನ ಅರ್ಧ ಅಡಿ ಡ್ಯಾಡೋ ಗೆರೆಗಿಂತ ಮೇಲಿದೆ. ಅಲ್ಲಿ ಟೈಲ್ಸ್ ಇರಲೇ ಇಲ್ಲ, ಇಲ್ಲದ್ದನ್ನು ಕಳೆಯಲಾಗದು. ಡ್ಯಾಡೋದೊಳಗೆ ಬರುವ ಭಾಗ 2 ಅಡಿ ಅಗಲ, ಒಂದೂವರೆ ಅಡಿ ಎತ್ತರ ಮಾತ್ರ. ಕಳೆಯಬೇಕಾದುದು 3 ಚದರಡಿ. ಇದೇ ಕೋಣೆಯ ಡ್ಯಾಡೋ 5 ಅಡಿಯದಾಗಿದ್ದರೆ ವೆಂಟಿಲೇಟರಿಗಾಗಿ ಏನನ್ನೂ ಕಳೆಯುವಂತಿರಲಿಲ್ಲ, ಬಾಗಿಲಿಗೂ ಐದಡಿ ಎತ್ತರವನ್ನಷ್ಟೇ ಕಳೆಯಬೇಕಾಗುತ್ತಿತ್ತು.

ಕಳೆದ ಮೇಲೆ ಕೂಡಿಸುವುದೂ ಇದೆ. ಒಂಬತ್ತು ಅಂಗುಲದ ಗೋಡೆಯಲ್ಲಿ ವೆಂಟಿಲೇಟರ್ ಚೌಕಟ್ಟನ್ನು ಹೊರಮೈಗೆ ಸರಿಸಿ ಕೂರಿಸಿದರೆ ಒಳಗೆ ಸುಮಾರು ಅರ್ಧ ಅಡಿ ಆಳದ ಬದಿಗಳು ತೆರೆದು ನಿಲ್ಲುತ್ತವೆ. ನೀರು ಹಾರುವ ಜಾಗವಾದುದರಿಂದ ಅವಕ್ಕೂ ಟೈಲ್ಸ್ ಹಾಕುತ್ತಾರೆ. ಎರಡು ಪಕ್ಕದ ಬದಿಗಳು ಡ್ಯಾಡೋ ಗೆರೆಯವರೆಗೆ ಒಂದೂವರೆ ಚದರಡಿ, ಕೆಳಗಿನ ಹಾಸು ಒಂದು ಚದರಡಿ, ಒಟ್ಟು ಎರಡೂವರೆ ಚದರಡಿ. ಮೂರು ಕಳೆದು ಎರಡೂವರೆ ಕೂಡಿಸಿದಂತಾಯಿತು. ದಪ್ಪ ಗೋಡೆಯ ಸಣ್ಣ ವೆಂಟಿಲೇಟರಿಗೆ ಏನನ್ನೂ ಕಳೆಯದೆ ಬಿಡುವ ಹಳೆಯ ಮೇಸ್ತ್ರಿಗಳ ಪದ್ಧತಿಯನ್ನು ಮೋಸವೆನ್ನುವಂತಿಲ್ಲ. ಅದು ಹೆಚ್ಚುಕಡಿಮೆ ಸರಿಯಾದ ಲೆಕ್ಕವೇ ಆಗಿದೆ. ನಾಲ್ಕೂವರೆ ಅಂಗುಲದ ತೆಳು ಗೋಡೆಯಲ್ಲಿ ಮಾತ್ರ ಬದಿಗಳು ಇರುವುದೇ ಇಲ್ಲವೆನ್ನಬಹುದಾದುದರಿಂದ ಅಲ್ಲಿ ಕಳೆಯಲೇಬೇಕು.

ಹೀಗೆ 182ರಲ್ಲಿ ಬಾಗಿಲಿನ 17.5 ಮತ್ತು ವೆಂಟಿಲೇಟರಿನ 3 ಕಳೆದು ಎರಡೂವರೆ ಕೂಡಿಸಿದರೆ 164 ಚದರಡಿ ಉಳಿಯುತ್ತದೆ. ಇದು ಬಾರ್ಡರ್ ಒಳಗೊಂಡ ಅಳತೆ.

ತೆಂಗಿನ ಸೀಮೆಯ ಮನೆಗಳಲ್ಲಿ ಇನ್ನೊಂದು ಕಳೆಯುವ ಬಾಬು ಎದುರಾಗುತ್ತದೆ. ಒಣಗಿದ ಗರಿ, ಮಟ್ಟೆ, ಚಿಪ್ಪು ಮನೆಯಲ್ಲಿಯೇ ಹೇರಳವಾಗಿರುವುದರಿಂದ ಸೋಲಾರ್ ಅಥವಾ ಗೀಸರ್ ಇದ್ದರೂ ಬಚ್ಚಲಲ್ಲಿ ಹಂಡೆಯೊಲೆಯನ್ನು ಉಳಿಸಿಕೊಳ್ಳುವವರಿದ್ದಾರೆ. ಮೂಲೆಯಲ್ಲಿ ಕಟ್ಟೆ ಕಟ್ಟಿ ಹಂಡೆ ಕೂರಿಸಿ, ಬೆಂಕಿಯ ಬಾಯನ್ನು ಗೋಡೆಯಾಚೆಗೆ ಇಡುತ್ತಾರೆ. ಕಟ್ಟೆ ಎರಡೂವರೆ ಅಡಿಯ ಘನ ಚೌಕವಾಗಿದ್ದರೆ ಅದು ಎರಡು ಗೋಡೆಗಳಲ್ಲಿ ತಲಾ ಆರೂಕಾಲು ಚದರಡಿಯನ್ನು ಮರೆಮಾಡುತ್ತದೆ. ಆದರೆ ಅದರ ತೆರೆದ ಎರಡು ಮುಖಗಳೂ ಅಷ್ಟೇ ಅಳತೆಯವು. ಆ ಮುಖಗಳಿಗೂ ಟೈಲ್ಸ್ ಹಾಕುವುದಾದರೆ ಕಳೆಯುವುದಕ್ಕೂ ಕೂಡಿಸುವುದಕ್ಕೂ ಸರಿಹೋಗುತ್ತದೆ. ಕಟ್ಟೆಯ ಮೇಲ್ಮೈಗೆ ಟೈಲ್ಸ್ ಹಾಕಿದರೆ ಶಾಖಕ್ಕೆ ಬಿರುಕು ಬಿಟ್ಟು ಏಳುತ್ತದೆ. ಅಲ್ಲಿ ಕಲ್ಲಿನ ಹಾಸೇ ಸೂಕ್ತ. ನಮ್ಮ ಉದಾಹರಣೆಯ ಕೋಣೆಯಲ್ಲಿ ಹಂಡೆಯೊಲೆ ಇಲ್ಲವೆಂದೇ ಮುಂದುವರಿಯೋಣ.

ಬಾಕ್ಸಿನೊಳಗೆ ನಿಜವಾಗಿ ಎಷ್ಟಿದೆ

ಗ್ರಾಹಕರು ಆರಿಸಿದ್ದು 12×18 ಎಂದು ಕರೆಯುವ ಟೈಲ್ಸ್. ಅಂಗಡಿಯ ಬಾಯಿಲೆಕ್ಕದಲ್ಲಿ ಒಂದು ತುಂಡು ಒಂದೂವರೆ ಚದರಡಿ, ಆರು ತುಂಡಿನ ಬಾಕ್ಸ್ ಒಂಬತ್ತು ಚದರಡಿ. ಆದರೆ ಆ ಟೈಲ್ಸ್ ಅಂಗುಲದಲ್ಲಿ ತಯಾರಾಗಿಲ್ಲ; ಅದು 300 ಮಿ.ಮೀ. ಅಗಲ, 450 ಮಿ.ಮೀ. ಉದ್ದದ್ದು. ಹನ್ನೆರಡು ಅಂಗುಲ ಎಂದರೆ ಸುಮಾರು 305 ಮಿ.ಮೀ., ಹದಿನೆಂಟು ಅಂಗುಲ ಎಂದರೆ 457 ಮಿ.ಮೀ. ಆದುದರಿಂದ ಬಾಕ್ಸಿನಲ್ಲಿರುವುದು ಒಂಬತ್ತು ಚದರಡಿಯಲ್ಲ, 8.72 ಚದರಡಿ. ಶೇಕಡ ಮೂರರಷ್ಟು ಇಲ್ಲಿಯೇ ಸೋರಿಹೋಗುತ್ತದೆ. ಮೂವತ್ತು ಬಾಕ್ಸ್‌ಗಳ ವ್ಯಾಪಾರದಲ್ಲಿ ಇದು ಒಂದು ಬಾಕ್ಸಿನ ಸಮೀಪಕ್ಕೆ ಬರುತ್ತದೆ. ಬಾಕ್ಸಿನ ಮೇಲೆ ಚದರ ಮೀಟರಿನಲ್ಲಿ ಮುದ್ರಿತವಾದ ಅಳತೆಯನ್ನು 10.76ರಿಂದ ಗುಣಿಸುವುದೇ ನಂಬಬಹುದಾದ ದಾರಿ. ಬಾಕ್ಸಿನಲ್ಲಿರುವ ತುಂಡುಗಳ ಸಂಖ್ಯೆ ಎಲ್ಲ ತಯಾರಕರದೂ ಒಂದೇ ಆಗಿರುವುದಿಲ್ಲ ಎಂಬುದೂ ನೆನಪಿರಬೇಕು.

ಟೈಲ್ಸನ್ನು ಉದ್ದವಾಗಿ ನಿಲ್ಲಿಸಿ, ನಡುವೆ 2 ಮಿ.ಮೀ. ಸಂದು ಬಿಟ್ಟು ಕೂರಿಸಿದರೆ ಪ್ರತಿ ವರಸೆಯ ಎತ್ತರ 452 ಮಿ.ಮೀ., ಪ್ರತಿ ತುಂಡಿನ ಅಗಲ 302 ಮಿ.ಮೀ. ಎಂಟಡಿಯ ಗೋಡೆ 2438 ಮಿ.ಮೀ. ಇರುವುದರಿಂದ ಎಂಟು ಟೈಲ್ಸ್ ಹಾಕಿದ ಮೇಲೂ ಎರಡು ಸೆಂಟಿಮೀಟರಿನಷ್ಟು ಗೋಡೆ ಉಳಿಯುತ್ತದೆಂದು ಕಾಗದದ ಮೇಲೆ ತೋರುತ್ತದೆ. ಆದರೆ ಎರಡೂ ಕೊನೆಯ ಗೋಡೆಗಳ ಮೇಲೆ ಕೂರುವ ಟೈಲ್ಸ್ ಮತ್ತು ಅದರ ಹಿಂದಿನ ಸಿಮೆಂಟಿನ ದಪ್ಪ ತಲಾ ಒಂದು ಸೆಂಟಿಮೀಟರಿಗೆ ಮೀರಿರುವುದರಿಂದ ಆ ಉಳಿಕೆ ಅದರೊಳಗೇ ಅಡಗುತ್ತದೆ. ಐದಡಿಯ ಗೋಡೆಗೂ ಇದೇ ಮಾತು. ಹೀಗಾಗಿ ಉದ್ದ ಗೋಡೆಗೆ ಎಂಟು, ಗಿಡ್ಡ ಗೋಡೆಗೆ ಐದು, ಸುತ್ತ 26 ತುಂಡುಗಳಾಗುತ್ತವೆ. ಬಾಗಿಲಿರುವ ಗೋಡೆಯಲ್ಲಿ ಒಂದು ಪಕ್ಕಕ್ಕೆ ಎರಡು, ಇನ್ನೊಂದು ಪಕ್ಕಕ್ಕೆ ಅರ್ಧ. ಆ ಅರ್ಧದ ಉಳಿದ ತುಂಡು ಮೇಲಿನ ವರಸೆಗೆ ಬರುತ್ತದೆ. ಬಾಗಿಲು ಕಳೆದು ಪ್ರತಿ ವರಸೆಗೆ 23½ ತುಂಡುಗಳು.

ಬಾರ್ಡರ್ ಅಗಲದಿಂದ ನಿರ್ಧಾರವಾಗುವ ಮೇಲಿನ ವರಸೆ

ಬಾರ್ಡರ್ ಪಟ್ಟಿಯನ್ನು ಗ್ರಾಹಕರು ಅಂದಕ್ಕಾಗಿ ಆರಿಸುತ್ತಾರೆ; ಅದರ ಹೂವು, ಹೊಳಪು, ಬೆಲೆ ನೋಡುತ್ತಾರೆ. ವರ್ತಕರು ನೋಡಬೇಕಾದುದು ಅದರ ಅಗಲವನ್ನು. ಏಕೆಂದರೆ ಪೂರ್ತಿ ತುಂಡುಗಳ ವರಸೆಗಳನ್ನು ಕಳೆದು ಮೇಲೆ ಎಷ್ಟು ಉಳಿಯುತ್ತದೆ ಎಂಬುದನ್ನು ನಿರ್ಧರಿಸುವುದು ಅದೇ.

ಈ ಕೋಣೆಯಲ್ಲಿ ಕೆಳಗೆ ಗಾಢ ಬಣ್ಣದ ಎರಡು ವರಸೆ, ಅದರ ಮೇಲೆ ಮೂರಡಿ ಎತ್ತರದಲ್ಲಿ ಬಾರ್ಡರ್, ಅದರ ಮೇಲೆ ತಿಳಿ ಬಣ್ಣ ಎಂಬುದು ಯೋಜನೆ. 7 ಅಡಿ ಎಂದರೆ 2134 ಮಿ.ಮೀ. ನಾಲ್ಕು ಪೂರ್ತಿ ವರಸೆಗಳು 1808 ಮಿ.ಮೀ. ತೆಗೆದುಕೊಳ್ಳುತ್ತವೆ. ಉಳಿಯುವುದು 326 ಮಿ.ಮೀ.

ಮೂರಂಗುಲದ, ಅಂದರೆ 75 ಮಿ.ಮೀ. ಬಾರ್ಡರ್ ಆರಿಸಿದರೆ ಸಂದು ಸೇರಿ 77 ಹೋಗಿ 249 ಮಿ.ಮೀ. ಉಳಿಯುತ್ತದೆ. ಮೇಲಿನ ವರಸೆಯ ಪ್ರತಿ ತುಂಡೂ 249 ಮಿ.ಮೀ. ಎತ್ತರದ್ದಾಗಬೇಕು. 450ರ ಒಂದು ಟೈಲ್ಸ್‌ನಿಂದ ಅಂತಹ ಎರಡು ತುಂಡು ಹೊರಡುವುದಿಲ್ಲ. ಪ್ರತಿ ಜಾಗಕ್ಕೂ ಒಂದೊಂದು ಇಡೀ ಟೈಲ್ಸ್ ಕತ್ತರಿಸಿ, ಎರಡು ನೂರು ಮಿ.ಮೀ. ಉದ್ದದ ಚೂರನ್ನು ಮೂಲೆಗೆ ಎಸೆಯಬೇಕಾಗುತ್ತದೆ.

ನಾಲ್ಕಂಗುಲದ, ಅಂದರೆ 100 ಮಿ.ಮೀ. ಬಾರ್ಡರ್ ಆರಿಸಿದರೆ 102 ಹೋಗಿ 224 ಮಿ.ಮೀ. ಉಳಿಯುತ್ತದೆ. ಒಂದು ಟೈಲ್ಸನ್ನು ನಡುವೆ ಕತ್ತರಿಸಿದರೆ ಕಟ್ಟರ್ ತಿನ್ನುವಷ್ಟು ಹೋಗಿ ತಲಾ 223 ಮಿ.ಮೀ.ನ ಎರಡು ತುಂಡುಗಳು ದೊರೆಯುತ್ತವೆ. ಒಂದು ಮಿ.ಮೀ. ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಒಂದಂಗುಲ ಅಗಲವಾದ ಪಟ್ಟಿಯಿಂದ ಮೇಲಿನ ವರಸೆಯ ಖರ್ಚು ಅರ್ಧಕ್ಕಿಳಿಯಿತು.

ಈಗ ನಾಲ್ಕಂಗುಲದ ಬಾರ್ಡರ್ ಇಟ್ಟು ಎಣಿಸಬಹುದು. ಗಾಢ ಬಣ್ಣದ ಎರಡು ವರಸೆಗೆ 47 ತುಂಡು. ತಿಳಿ ಬಣ್ಣದ ಎರಡು ಪೂರ್ತಿ ವರಸೆಗೆ ಅಷ್ಟೇ, 47 ತುಂಡು. ಇವುಗಳಲ್ಲಿ ಮೇಲಿನ ವರಸೆ ವೆಂಟಿಲೇಟರಿನ ಕೆಳ ಅಂಚಿಗೆ ತಾಗುತ್ತದೆ. ಅಲ್ಲಿ ಎರಡು ಟೈಲ್ಸ್‌ಗಳ ಮೇಲ್ಭಾಗ ಕತ್ತರಿಸಿಹೋದರೂ ಅವುಗಳ ಕೆಳಭಾಗ ಬೇಕೇ ಬೇಕು. ಆದ್ದರಿಂದ ಎಣಿಕೆಯಲ್ಲಿ ಆ ಎರಡನ್ನೂ ಕಳೆಯುವಂತಿಲ್ಲ. ಚದರಡಿಯಲ್ಲಿ ಕಳೆದದ್ದು ತುಂಡುಗಳಲ್ಲಿ ಕಳೆಯದೆ ಉಳಿಯುವುದು ಹೀಗೆ. ಆದರೆ ಕತ್ತರಿಸಿ ತೆಗೆದ ಎರಡು ಮೇಲ್ಭಾಗಗಳು ಸುಮಾರು 229 ಮಿ.ಮೀ. ಇದ್ದು ಅರ್ಧ ವರಸೆಗೆ ಹೊಂದುತ್ತವೆ.

ಅರ್ಧ ವರಸೆಯಲ್ಲಿ 23½ ಜಾಗಗಳ ಪೈಕಿ ವೆಂಟಿಲೇಟರಿನ ಎರಡನ್ನು ಕಳೆದು 21½ ಉಳಿಯುತ್ತವೆ. ಆಗಲೇ ದೊರೆತ ಎರಡು ಚೂರುಗಳನ್ನು ಬಳಸಿದರೆ 19½ ಅರ್ಧ ತುಂಡುಗಳು ಬೇಕು; ಹತ್ತು ಟೈಲ್ಸ್ ಸಾಕು. ವೆಂಟಿಲೇಟರಿನ ಎರಡು ಬದಿಗಳಿಗೆ ಒಂದು, ಹಾಸಿಗೆ ಒಂದು. ತಿಳಿ ಬಣ್ಣದ ಒಟ್ಟು 59. ಗಾಢ ಬಣ್ಣದ 47 ಸೇರಿ 106 ತುಂಡುಗಳು.

ಮೂರಂಗುಲದ ಬಾರ್ಡರ್ ಇಟ್ಟಿದ್ದರೆ ಮೇಲಿನ ವರಸೆಗೇ 22 ಇಡೀ ಟೈಲ್ಸ್ ಬೇಕಾಗುತ್ತಿತ್ತು. ವೆಂಟಿಲೇಟರಿನ ಬಳಿ ಉಳಿಯುವ ಚೂರುಗಳು ಆ ವರಸೆಗೆ ಸಾಲುವುದಿಲ್ಲ. ಹಾಸಿಗೆ ಮಾತ್ರ ಆಗುತ್ತವೆ. ತಿಳಿ ಬಣ್ಣದ ಸಂಖ್ಯೆ 59ರಿಂದ 70ಕ್ಕೆ ಏರುತ್ತದೆ. ಹನ್ನೊಂದು ತುಂಡು ಎಂದರೆ ಸುಮಾರು ಎರಡು ಬಾಕ್ಸ್. ಬಾರ್ಡರ್ ಪಟ್ಟಿಯ ಬೆಲೆಯಲ್ಲಿ ಉಳಿಸಿದ ಹಣಕ್ಕಿಂತ ಇದು ದೊಡ್ಡ ಮೊತ್ತವಾಗುವುದು ಅಸಾಧ್ಯವೇನಲ್ಲ.

ವೆಂಟಿಲೇಟರ್ ಉದ್ದ ಗೋಡೆಯ ನಡುವೆ ಇದ್ದುದರಿಂದ ಈ ಎಣಿಕೆ ಇಷ್ಟು ಸರಳವಾಯಿತೆಂಬುದನ್ನೂ ಹೇಳಬೇಕು. ಎಂಟು ಟೈಲ್ಸ್‌ನ ಗೋಡೆಯಲ್ಲಿ ನಡುವಿನ ಎರಡಡಿಯ ಕಂಡಿ ಸರಿಯಾಗಿ ಸಂದಿನಿಂದ ಸಂದಿಗೆ ಕೂರುತ್ತದೆ. ಅದನ್ನೇ ಐದು ಟೈಲ್ಸ್‌ನ ಗಿಡ್ಡ ಗೋಡೆಯ ನಡುವೆ ಇಟ್ಟರೆ ಅದು ಒಂದು ಪೂರ್ತಿ ಮತ್ತು ಎರಡು ಅರ್ಧ ಟೈಲ್ಸ್ ಮೇಲೆ ಬೀಳುತ್ತದೆ. ಆಗ ಎರಡು ಟೈಲ್ಸ್‌ಗಳನ್ನು ಮೂಲೆಗಚ್ಚಿನಂತೆ ಒಳಕ್ಕೆ ಕತ್ತರಿಸಬೇಕು; ಒಡೆಯುವುದು ಹೆಚ್ಚಾಗಿ ಇಂತಹ ತುಂಡುಗಳೇ. ಹೀಗೆ ಕಂಡಿಯ ಪ್ರತಿ ಒಳಮೂಲೆಗೂ ಒಂದೊಂದು ಹೆಚ್ಚುವರಿ ಟೈಲ್ಸ್ ಹಿಡಿಯುವುದು ಲೇಸು.

ಬಾರ್ಡರ್ ಪಟ್ಟಿಯ ಎಣಿಕೆ

ಬಾರ್ಡರಿಗೆ ಚದರಡಿ ಇಲ್ಲ, ರನ್ನಿಂಗ್ ಅಡಿ ಮಾತ್ರ. ಅದು ಹಾಯುವ ಎತ್ತರದಲ್ಲಿ ಏನೇನು ಅಡ್ಡ ಬರುತ್ತದೆ ಎಂಬುದನ್ನೇ ಕಳೆಯಬೇಕು. ನೆಲದಿಂದ ಮೂರಡಿ ಎತ್ತರದಲ್ಲಿ ಬಾಗಿಲು ಅಡ್ಡ ಬರುತ್ತದೆ, ವೆಂಟಿಲೇಟರ್ ಬರುವುದಿಲ್ಲ. ಆದುದರಿಂದ 26 ಅಡಿಯಲ್ಲಿ ಎರಡೂವರೆ ಕಳೆದು 23½ ಅಡಿ. ಪಟ್ಟಿ 300 ಮಿ.ಮೀ. ಉದ್ದದ್ದಾದರೆ ಕೆಳಗಿನ ವರಸೆಯ ಸಂದಿಗೆ ಅದರ ಸಂದು ಸೇರುತ್ತದೆ; 24 ತುಂಡು ಬೇಕು, ಒಡೆತಕ್ಕೆ ಎರಡು ಸೇರಿ 26. ಅದೇ ಬಾರ್ಡರನ್ನು ಡ್ಯಾಡೋದ ತುದಿಯಲ್ಲಿ ಇಡುವುದಾದರೆ ವೆಂಟಿಲೇಟರಿನ ಎರಡಡಿಯನ್ನೂ ಕಳೆಯಬೇಕಾಗುತ್ತದೆ. ಕನ್ನಡಿಯ ಸುತ್ತಲೂ ಪಟ್ಟಿ ಬೇಕೆಂದರೆ ಆ ಸುತ್ತಳತೆಯನ್ನು ಬೇರೆಯಾಗಿ ಕೂಡಿಸಬೇಕು. ನಾಲ್ಕು ಮೂಲೆಗಳಲ್ಲಿ ಓರೆಯಾಗಿ ಕತ್ತರಿಸುವುದರಿಂದ ಪ್ರತಿ ಮೂಲೆಗೂ ಸ್ವಲ್ಪ ಉದ್ದ ನಷ್ಟವಾಗುತ್ತದೆ.

ಟೈಲ್ಸನ್ನು ಅಡ್ಡಲಾಗಿ ಕೂರಿಸುವ ಗ್ರಾಹಕರಿಗೆ 300 ಮಿ.ಮೀ. ಪಟ್ಟಿ ಮಾರಿದರೆ ಸಂದುಗಳು ಹೆಚ್ಚಿನ ಕಡೆ ಕೂಡುವುದಿಲ್ಲ. ಕೂರಿಸುವ ದಿಕ್ಕನ್ನು ಕೇಳದೆ ಬಾರ್ಡರ್ ಕೊಡಬಾರದು.

ಕಾರ್ಖಾನೆಯ ಪಟ್ಟಿ ದುಬಾರಿಯೆನಿಸಿದಲ್ಲಿ ಬೇರೆ ಬಣ್ಣದ ಟೈಲ್ಸನ್ನೇ ಕತ್ತರಿಸಿ ಬಾರ್ಡರ್ ಮಾಡುವುದುಂಟು. 300×450ರ ಒಂದು ಟೈಲ್ಸ್‌ನಿಂದ ನೂರು ಮಿ.ಮೀ. ಅಗಲದ ನಾಲ್ಕು ಪಟ್ಟಿಗಳು ಹೊರಡುತ್ತವೆ. 26 ಪಟ್ಟಿಗಳಿಗೆ ಏಳು ಟೈಲ್ಸ್ ಬೇಕು. ಟೈಲ್ಸ್ ಕತ್ತರಿಸಿಕೊಡುವ ಸಣ್ಣ ಘಟಕಗಳಿಗೆ ಇದು ಒಳ್ಳೆಯ ಕೆಲಸ. ಕತ್ತರಿಸಿದ ಅಂಚಿನಲ್ಲಿ ಗ್ಲೇಜ್ ಸಿಡಿದು ಹಲ್ಲು ಹಲ್ಲಾಗಿರುವುದರಿಂದ ಉಜ್ಜುಗಲ್ಲಿನಿಂದ ನಯಮಾಡಿ ಕೊಡಬೇಕು. ಹಾಗೆ ಮಾಡದಿದ್ದರೆ ಸಂದಿಗೆ ತುಂಬಿದ ಬಣ್ಣದ ಸಿಮೆಂಟು ಆ ಹಲ್ಲುಗಳೊಳಗೆ ಹೊಕ್ಕು ಪಟ್ಟಿಯ ಅಂಚು ಸೊಟ್ಟಗಿರುವಂತೆ ತೋರುತ್ತದೆ.

ಬಾರ್ಡರ್ ಆಕ್ರಮಿಸಿದ ಜಾಗವನ್ನು ಟೈಲ್ಸ್‌ನ ಲೆಕ್ಕದಿಂದ ಕಳೆಯಲು ಮರೆಯುವುದು ಇನ್ನೊಂದು ಸಾಮಾನ್ಯ ತಪ್ಪು. 23½ ಅಡಿ ಉದ್ದ, ನಾಲ್ಕಂಗುಲ ಅಗಲ ಎಂದರೆ ಸುಮಾರು 8 ಚದರಡಿ. 164ರಲ್ಲಿ ಅದನ್ನು ಕಳೆದರೆ 156 ಚದರಡಿ; 8.72ರಿಂದ ಭಾಗಿಸಿದರೆ 18 ಬಾಕ್ಸ್, 108 ತುಂಡು. ವರಸೆಯ ಎಣಿಕೆಯಲ್ಲಿ ಬಂದದ್ದು 106. ಎರಡು ದಾರಿಗಳೂ ಇಷ್ಟು ಹತ್ತಿರ ಬಂದರೆ ಲೆಕ್ಕದಲ್ಲಿ ದೊಡ್ಡ ತಪ್ಪಿಲ್ಲವೆಂದು ತಿಳಿಯಬಹುದು. ಹತ್ತು ತುಂಡಿಗಿಂತ ಹೆಚ್ಚು ಅಂತರ ಬಂದರೆ ಮೇಲಿನ ವರಸೆಯ ಕತ್ತರಿಕೆಯನ್ನು ಮತ್ತೊಮ್ಮೆ ನೋಡಬೇಕು; ತೊಡಕು ಇರುವುದು ಬಹುಮಟ್ಟಿಗೆ ಅಲ್ಲಿಯೇ.

ಚೀಟಿಯಲ್ಲಿ ಐದು ತುಂಡು ಕಡಿಮೆ ಬಿದ್ದದ್ದು

ಆರಂಭದಲ್ಲಿ ಹೇಳಿದ ದೂರಿನ ಮೂಲ ಈಗ ಸ್ಪಷ್ಟವಾಗುತ್ತದೆ. ಮೇಸ್ತ್ರಿಯ ಚೀಟಿ 182ರಲ್ಲಿ ಬಾಗಿಲಿನ 17.5 ಮತ್ತು ವೆಂಟಿಲೇಟರಿನ 4 ಕಳೆದು 160.5 ಎಂದಿತು. ಅಂಗಡಿ ಅದನ್ನು ಒಂಬತ್ತರಿಂದ ಭಾಗಿಸಿ 18 ಬಾಕ್ಸ್ ಎಂದಿತು. ವೆಂಟಿಲೇಟರನ್ನು ಹೆಚ್ಚು ಕಳೆದದ್ದು, ಬದಿಗಳನ್ನು ಬಿಟ್ಟದ್ದು, ಬಾಕ್ಸನ್ನು ದೊಡ್ಡದೆಂದು ಎಣಿಸಿದ್ದು ಒಂದು ಕಡೆಗೆ. ಬಾರ್ಡರ್ ಜಾಗವನ್ನು ಕಳೆಯದೆ ಬಿಟ್ಟದ್ದು ಇನ್ನೊಂದು ಕಡೆಗೆ. ತಪ್ಪುಗಳು ಒಂದನ್ನೊಂದು ಸರಿತೂಗಿಸಿ ಒಟ್ಟು ಸಂಖ್ಯೆ ಹೆಚ್ಚುಕಡಿಮೆ ಸರಿಯಾಗಿಯೇ ಬಂತು. ಎಡವಿದ್ದು ಬಣ್ಣದ ಹಂಚಿಕೆಯಲ್ಲಿ. ‘ಕೆಳಗರ್ಧ ಗಾಢ, ಮೇಲರ್ಧ ತಿಳಿ’ ಎಂದು ಒಂಬತ್ತೊಂಬತ್ತು ಬಾಕ್ಸ್ ಕೊಟ್ಟರು. ಗಾಢ ಬಣ್ಣದ್ದು 54 ಹೋಯಿತು, ಬೇಕಾದದ್ದು 47. ತಿಳಿ ಬಣ್ಣದ್ದು 54 ಹೋಯಿತು, ಬೇಕಾದದ್ದು 59. ಒಡೆತವೇನೂ ಆಗದಿದ್ದರೂ ಐದು ಕಡಿಮೆ, ಏಳು ಹೆಚ್ಚು. ಒಟ್ಟು ಚದರಡಿಯನ್ನು ಎಷ್ಟು ಸಲ ಪರೀಕ್ಷಿಸಿದರೂ ಈ ತಪ್ಪು ಸಿಗುತ್ತಿರಲಿಲ್ಲ.

ಸರಿಯಾದ ಬೇಡಿಕೆಯನ್ನು ಬಣ್ಣಬಣ್ಣಕ್ಕೆ ಬೇರೆಯಾಗಿ ಮಾಡಬೇಕು. ಒಡೆತಕ್ಕೆ ಶೇಕಡ ಐದು ಎಂದಿಟ್ಟುಕೊಂಡರೆ ಗಾಢ ಬಣ್ಣಕ್ಕೆ 47ರ ಮೇಲೆ ಮೂರು ಸೇರಿ 50, ಅಂದರೆ 9 ಬಾಕ್ಸ್. ತಿಳಿ ಬಣ್ಣಕ್ಕೆ 59ರ ಮೇಲೆ ಮೂರು ಸೇರಿ 62, ಅಂದರೆ 11 ಬಾಕ್ಸ್. ಒಟ್ಟು 20. ಶೇಕಡ ಐದನ್ನು ಒಟ್ಟಿನ ಮೇಲೆ ಹಾಕದೆ ಪ್ರತಿ ಬಣ್ಣದ ಮೇಲೆ ಹಾಕಿ, ಆನಂತರವೇ ಬಾಕ್ಸಿಗೆ ಏರಿಸಬೇಕು. ಹಳೆಯ ಮನೆಯ ಮಣ್ಣಿನ ಗೋಡೆಗೆ ಗಾರೆ ಮಾಡಿ ಬಚ್ಚಲು ಸರಿಪಡಿಸುವ ಕೆಲಸವಾದರೆ ಮೂಲೆಗಳು ನೇರವಾಗಿರುವುದಿಲ್ಲ. ಪ್ರತಿ ವರಸೆಯ ಕೊನೆಯ ತುಂಡನ್ನೂ ಓರೆಯಾಗಿ ಕತ್ತರಿಸಬೇಕಾದುದರಿಂದ ಅಲ್ಲಿ ಶೇಕಡ ಐದು ಸಾಲದು.

ಉಳಿಕೆಯ ಬಗ್ಗೆ ಗ್ರಾಹಕರ ಜೊತೆ ಮೊದಲೇ ಮಾತಾಗಿರುವುದು ಒಳ್ಳೆಯದು. ಪ್ರತಿ ಬಣ್ಣದ ಕೊನೆಯ ಬಾಕ್ಸನ್ನು ಉಳಿದವೆಲ್ಲ ಮುಗಿಯುವವರೆಗೂ ಒಡೆಯಬಾರದೆಂದೂ, ಮುದ್ರೆ ಒಡೆಯದ ಬಾಕ್ಸನ್ನು ಇಂತಿಷ್ಟು ದಿನಗಳೊಳಗೆ ಹಿಂದಕ್ಕೆ ಪಡೆಯಲಾಗುವುದೆಂದೂ ಬಿಲ್ಲಿನ ಮೇಲೆಯೇ ಬರೆದುಕೊಡಬಹುದು. ಒಡೆದ ಬಾಕ್ಸಿನಲ್ಲಿ ಉಳಿದ ನಾಲ್ಕಾರು ತುಂಡುಗಳನ್ನು ಅಟ್ಟದ ಮೇಲೆ ಜೋಪಾನ ಮಾಡುವಂತೆ ಗ್ರಾಹಕರಿಗೆ ತಿಳಿಸಬೇಕು. ಗೋಡೆಯೊಳಗಿನ ಪೈಪು ಸೋರಿ ಟೈಲ್ಸ್ ಒಡೆಯಬೇಕಾಗಿ ಬಂದಾಗ ಅದೇ ಶೇಡ್ ಮಾರುಕಟ್ಟೆಯಲ್ಲಿ ಇರುವುದಿಲ್ಲ.

ಕೂಲಿಯ ಅಳತೆ

ಸರಕಿನ ಲೆಕ್ಕ ಬೇರೆ, ಕೂಲಿಯ ಲೆಕ್ಕ ಬೇರೆ. ನೆಲಹಾಸು, ಡ್ಯಾಡೋ, ಸ್ಕರ್ಟಿಂಗ್‌ಗಳ ಅಳತೆಯ ಕ್ರಮವನ್ನು ಭಾರತೀಯ ಮಾನಕ ಐ.ಎಸ್. 1200ರ 11ನೇ ಭಾಗ ಹೇಳುತ್ತದೆ. ಗಾರೆಗೆ ಅದರ 12ನೇ ಭಾಗವಿದೆ. ಗಾರೆಯ ನಿಯಮದಂತೆ ಅರ್ಧ ಚದರ ಮೀಟರಿಗೆ ಮೀರದ ಕಂಡಿಯನ್ನು ಕಳೆಯುವುದಿಲ್ಲ, ಅದರ ಬದಿಗಳನ್ನು ಕೂಡಿಸುವುದೂ ಇಲ್ಲ. ನಮ್ಮ ವೆಂಟಿಲೇಟರ್ ನಾಲ್ಕು ಚದರಡಿ, ಅಂದರೆ 0.37 ಚದರ ಮೀಟರ್. ಗಾರೆಯಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಮೇಸ್ತ್ರಿಗಳು ಈ ಅಭ್ಯಾಸವನ್ನೇ ಟೈಲ್ಸ್ ಕೆಲಸಕ್ಕೂ ತರುತ್ತಾರೆ. ಖಾಸಗಿ ಮನೆಯ ಕೆಲಸದಲ್ಲಿ ಅದಕ್ಕೆ ಆಕ್ಷೇಪಿಸಬೇಕಾದುದಿಲ್ಲ, ಆದರೆ ಒಂದೇ ಬಿಲ್ಲಿನಲ್ಲಿ ವೆಂಟಿಲೇಟರನ್ನು ಕಳೆಯದೆಯೂ ಇದ್ದು ಬದಿಗಳನ್ನು ಬೇರೆಯಾಗಿ ಕೂಡಿಸಿಯೂ ಇದ್ದರೆ ಅದು ಎರಡು ಸಲ ಪಡೆದಂತಾಗುತ್ತದೆ.

ಬಾರ್ಡರಿಗೂ ಇದೇ ಎಚ್ಚರ ಬೇಕು. ಪಟ್ಟಿ ಕೂರಿಸಲು ರನ್ನಿಂಗ್ ಅಡಿಗೆ ಪ್ರತ್ಯೇಕ ದರ ಗೊತ್ತುಮಾಡಿದ್ದರೆ ಅದರ 8 ಚದರಡಿಯನ್ನು ಗೋಡೆಯ 164ರಿಂದ ತೆಗೆಯಬೇಕು. ಪ್ರತ್ಯೇಕ ದರ ಇಲ್ಲದಿದ್ದರೆ 164ಕ್ಕೂ ಒಂದೇ ದರ. ಎರಡರಲ್ಲಿ ಯಾವುದೆಂದು ಕೆಲಸ ಆರಂಭವಾಗುವ ಮೊದಲು ಗೊತ್ತಾಗಿರಬೇಕು. ಅಂಗಡಿಯವರೇ ಕೂರಿಸುವವರನ್ನೂ ಗೊತ್ತುಮಾಡಿ ಕಳುಹಿಸುವ ಕಡೆಗಳಲ್ಲಿ, ಗೋಡೆ ಗೋಡೆಗೂ ವರಸೆಯ ಚಿತ್ರವನ್ನು ಒಂದು ಹಾಳೆಯ ಮೇಲೆ ಬರೆದು, ಗಾಢ 47, ತಿಳಿ 59, ಬಾರ್ಡರ್ 24 ಎಂದು ನಮೂದಿಸಿ ಮೇಸ್ತ್ರಿಯ ಕೈಗೆ ಕೊಟ್ಟರೆ, ವೆಂಟಿಲೇಟರಿನ ಬಳಿ ಕತ್ತರಿಸಿದ ಎರಡು ಚೂರುಗಳನ್ನು ಆತ ಎಸೆಯದೆ ಮೇಲಿನ ವರಸೆಗೆ ತೆಗೆದಿಡುತ್ತಾನೆ.